ಖಾಲಿ ಬಿಡಬೇಕಾಗಿದ್ದ ಜಾಗ

ತಾಲ್ಲೂಕು ಕಚೇರಿಯ ಎದುರು ಟೈಪ್‌ರೈಟರ್ ಇಟ್ಟುಕೊಂಡು ಕೂತಿದ್ದ ಕಾಲದಲ್ಲಿ ನಾನು ಕಲಿತ ಮೊದಲ ಪಾಠ, ಅರ್ಜಿಯಲ್ಲಿ ಯಾವ ಕಾಲಮ್ಮನ್ನೂ ಖಾಲಿ ಬಿಡಬಾರದು ಎಂಬುದು. ಗೊತ್ತಿರುವುದನ್ನು ತುಂಬಬೇಕು. ಗೊತ್ತಿಲ್ಲದಿದ್ದರೆ ಒಂದು ಅಡ್ಡಗೆರೆ ಎಳೆಯಬೇಕು, ಇಲ್ಲವೇ ‘ಅನ್ವಯಿಸುವುದಿಲ್ಲ’ ಎಂದು ಬರೆಯಬೇಕು. ಖಾಲಿ ಕಂಡರೆ ಗುಮಾಸ್ತ ಅರ್ಜಿಯನ್ನು ಹಾಗೇ ಹಿಂದಕ್ಕೆ ನೂಕುತ್ತಿದ್ದ. ಹರಿಯಬ್ಬೆಯಿಂದಲೋ ಧರ್ಮಪುರದಿಂದಲೋ ಬಸ್ ಹತ್ತಿ ಬಂದವರು ಒಂದು ಖಾಲಿ ಜಾಗಕ್ಕಾಗಿ ಮರುದಿನ ಮತ್ತೆ ಬರಬೇಕಾಗುತ್ತಿತ್ತು. ಹಾಗಾಗಿ ನನ್ನ ಕೈಯಿಂದ ಹೋದ ಅರ್ಜಿಯಲ್ಲಿ ಖಾಲಿ ಜಾಗ ಇರುತ್ತಿರಲಿಲ್ಲ. ಅದು ನನ್ನ ಹೆಮ್ಮೆಯಾಗಿತ್ತು. ಆ ಹೆಮ್ಮೆಯೇ ಮುಂದೆ ಒಬ್ಬರ ಅನ್ನಕ್ಕೆ ಕಲ್ಲು ಹಾಕಿತು. ಅದನ್ನು ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಚಿತ್ರದುರ್ಗಕ್ಕೆ ಹೋಗಿ ಇಂಗ್ಲಿಷ್ ಟೈಪಿಂಗ್ ಸೀನಿಯರ್ ಪರೀಕ್ಷೆ ಕಟ್ಟಿ ಪಾಸಾಗಿದ್ದೆ. ಕಂಪ್ಯೂಟರ್ ಬಂದ ಮೇಲೆ ಅರ್ಜಿ ಟೈಪ್ ಮಾಡಿಸುವವರು ಕಡಿಮೆಯಾದರು. ಹಿರಿಯೂರಿನ ಒಂದು ಖಾಸಗಿ ಡಿಗ್ರಿ ಕಾಲೇಜಿನವರು ತಮ್ಮ ಕಾಂಪೌಂಡಿನ ಮೂಲೆಯಲ್ಲಿದ್ದ ಸಣ್ಣ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟರು. ಒಂದು ಜೆರಾಕ್ಸ್ ಯಂತ್ರ, ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಗೋಡೆಗೆ ಒಂದು ಮರದ ಬೆಂಚು. ಅಷ್ಟೇ ನನ್ನ ಅಂಗಡಿ.

ನಮಗೆ ಮಕ್ಕಳಾಗಲಿಲ್ಲ. ನನ್ನ ಹೆಂಡತಿ ಹೊಸದುರ್ಗದ ಕಡೆಯವಳು, ಮಾತಿನ ಮಲ್ಲಿ. ಅವಳು ತೀರಿಹೋದ ಮೇಲೆ ಮನೆಯಲ್ಲಿ ಕುಕ್ಕರ್ ಕೂಗುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಬೆಳಿಗ್ಗೆ ಬೇಗ ಅಂಗಡಿ ತೆಗೆಯುತ್ತಿದ್ದೆ, ಸಂಜೆ ತಡವಾಗಿ ಮುಚ್ಚುತ್ತಿದ್ದೆ. ಅಂಗಡಿಗೆ ಜನ ಬರುತ್ತಿದ್ದರು ನಿಜ. ಆದರೆ ಜೆರಾಕ್ಸ್ ಅಂಗಡಿಗೆ ಬರುವವರು ಮಾತಾಡುವುದಿಲ್ಲ. ‘ಎರಡೂ ಕಡೆ ಅಜ್ಜ’ ಅನ್ನುತ್ತಾರೆ, ‘ಪಿನ್ ಹೊಡೀರಿ’ ಅನ್ನುತ್ತಾರೆ, ಹೋಗುತ್ತಾರೆ. ಕೆಲವು ದಿನ ಈ ಎರಡು ಮಾತಿನ ಹೊರತು ನನ್ನ ಕಿವಿಗೆ ಮನುಷ್ಯರ ಮಾತು ಬೀಳುತ್ತಲೇ ಇರಲಿಲ್ಲ.

ಅಂಥ ಹೊತ್ತಿನಲ್ಲಿ ಆ ಮೇಡಂ ಬಂದರು. ಕಾಲೇಜಿಗೆ ಇಂಗ್ಲಿಷಿನ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದರು. ಅತಿಥಿ ಎಂದರೆ ವರ್ಷಕ್ಕೊಮ್ಮೆ ಕರೆಯುತ್ತಾರೆ, ಬೇಡವಾದರೆ ಮುಂದಿನ ವರ್ಷ ಕರೆಯುವುದಿಲ್ಲ. ಅವರ ಊರು ಧರ್ಮಪುರದ ಹತ್ತಿರ. ಕ್ಲಾಸು ಮುಗಿದ ಮೇಲೆ ಬಸ್ಸಿಗೆ ಇನ್ನೂ ಹೊತ್ತಿರುತ್ತಿತ್ತು. ಬಸ್ಸು ನಮ್ಮ ಅಂಗಡಿಯ ಎದುರೇ ಕೈ ಅಡ್ಡ ಹಾಕಿದರೆ ನಿಲ್ಲುತ್ತಿತ್ತು. ಒಂದು ದಿನ ಬಿಸಿಲಿಗೆ ನಿಂತಿದ್ದವರನ್ನು ನಾನೇ ಕರೆದೆ.

‘ಒಳಗೆ ಬರ್ರಿ ಮೇಡಂ, ಫ್ಯಾನ್ ಐತೆ, ಕುಂತ್ಕಳ್ರಿ.’

ಅವತ್ತಿನಿಂದ ಅವರು ಸಂಜೆ ಬೆಂಚಿನ ಮೇಲೆ ಕೂರುವುದು ರೂಢಿಯಾಯಿತು. ನನ್ನನ್ನು ಯಜಮಾನ್ರೆ ಎಂದು ಕರೆಯುತ್ತಿದ್ದರು. ಊಟ ಏನು ಮಾಡಿದಿರಿ ಎಂದು ಕೇಳುತ್ತಿದ್ದರು. ನಾನು ಚಿತ್ರಾನ್ನ ಅಂದರೆ, ‘ನಿನ್ನೇನೂ ಚಿತ್ರಾನ್ನ, ಮೊನ್ನೇನೂ ಚಿತ್ರಾನ್ನ. ನಿಂಬೆಹಣ್ಣಿನ ತೋಟ ಏನಾದ್ರೂ ಐತಾ ನಿಮ್ದು?’ ಅನ್ನುತ್ತಿದ್ದರು. ಹೆಂಡತಿ ಹೋದ ಮೇಲೆ ನನ್ನ ಊಟದ ಬಗ್ಗೆ ಕೇಳಿದ ಮೊದಲ ಮನುಷ್ಯರು ಅವರು.

ಒಂದು ಸಂಜೆ ಒಂದು ಹಾಳೆ ಕೊಟ್ಟು ಕ್ಲಾಸಿಗೆಲ್ಲ ಜೆರಾಕ್ಸ್ ಬೇಕು ಎಂದರು. ಕೈಯಲ್ಲಿ ಬರೆದಿದ್ದರು. ಇಂಗ್ಲಿಷ್ ಪ್ರಬಂಧದ ನಕ್ಷೆ ಅದು. ಮೇಲೆ ಒಂದು ಚೌಕ: ವಿಷಯದ ಬಗ್ಗೆ ಎರಡು ಮಾತು, ಆಮೇಲೆ ಥೀಸಿಸ್. ಥೀಸಿಸ್ ಎಂದಿದ್ದ ಕಡೆ ಉದ್ದನೆಯ ಖಾಲಿ ಗೆರೆ. ಅದರ ಕೆಳಗೆ ಒಂದೊಂದು ಪ್ಯಾರಾಗೆ ಒಂದೊಂದು ಚೌಕ. ಪ್ರತಿ ಚೌಕದಲ್ಲೂ ಮುಖ್ಯ ವಾಕ್ಯ, ಕಾರಣ, ಉದಾಹರಣೆ ಎಂದು ಬರೆದು, ಮುಂದೆ ಖಾಲಿ ಗೆರೆ. ನಂತರ ‘ಇದನ್ನು ಒಪ್ಪದವರು ಏನನ್ನಬಹುದು? ನೀನು ಏನು ಉತ್ತರ ಕೊಡುತ್ತೀಯ?’ ಎಂದು ಒಂದು ಚೌಕ. ಕೊನೆಯಲ್ಲಿ ಥೀಸಿಸನ್ನೇ ಬೇರೆ ಮಾತಿನಲ್ಲಿ ಹೇಳುವುದಕ್ಕೆ ಜಾಗ. ಹಾಳೆಯ ಅಂಚಿನಲ್ಲಿ ಜೋಡಿಸುವ ಪದಗಳು, ಗುಂಪು ಗುಂಪಾಗಿ: ಮಾತು ಸೇರಿಸುವುದಕ್ಕೆ ಮೋರ್‌ಓವರ್, ಎದುರು ಹೇಳುವುದಕ್ಕೆ ಹೌಎವರ್, ಫಲ ಹೇಳುವುದಕ್ಕೆ ದೇರ್‌ಫೋರ್, ಉದಾಹರಣೆಗೆ ಫಾರ್ ಇನ್‌ಸ್ಟನ್ಸ್.

‘ಥೀಸಿಸ್ ಅಂದ್ರೇನು ಮೇಡಂ?’ ಎಂದು ಕೇಳಿದೆ. ಅಷ್ಟು ವರ್ಷ ಇಂಗ್ಲಿಷ್ ಟೈಪ್ ಮಾಡಿದ್ದೆ. ಆದರೆ ನನ್ನದು ಎಂದು ಒಂದು ವಾಕ್ಯ ಬರೆದಿರಲಿಲ್ಲ.

‘ಇಡೀ ಪ್ರಬಂಧದಾಗೆ ನಾನು ಏನು ಹೇಳಕ್ಕೆ ಹೊರಟಿದೀನಿ ಅನ್ನೋದನ್ನ ಒಂದೇ ವಾಕ್ಯದಾಗೆ ಹೇಳೋದು. ಬರೀ ವಿಷಯ ಅಲ್ಲ, ನಿಲುವು. ಬಸ್ಸಿನ ಬಗ್ಗೆ ಬರೀತೀನಿ ಅಂದ್ರೆ ಥೀಸಿಸ್ ಆಗಲ್ಲ. ಸಂಜೆ ಇನ್ನೊಂದು ಬಸ್ ಬಿಡ್ಬೇಕು, ಯಾಕಂದ್ರೆ ಹೆಣ್ಮಕ್ಳು ಕತ್ಲಾಗೆ ಮನೆ ಸೇರ್ತಾವೆ ಅಂದ್ರೆ ಅದು ಥೀಸಿಸ್.’

‘ಅದನ್ನ ನೀವೇ ಬರ್ದು ಕೊಟ್ರೆ ಹುಡುಗರಿಗೆ ಸುಲಭ ಆಗಲ್ವಾ?’

‘ನಾನು ಬರ್ದ್ರೆ ಅದು ನನ್ನ ನಿಲುವಾಗುತ್ತೆ. ಅವರ್ದು ಎಲ್ಲೈತೆ ಆಗ?’

ಜೋಡಿಸುವ ಪದಗಳ ಬಗ್ಗೆಯೂ ಅವರಿಗೆ ಒಂದು ಹಟವಿತ್ತು. ಒಂದು ದಿನ ನಾನು ಮಾತಿನ ಭರದಲ್ಲಿ, ‘ಕರೆಂಟ್ ಹೋಯ್ತು ಮೇಡಂ, ಹಂಗಾಗಿ ಟೀ ಕುಡ್ದೆ’ ಎಂದೆ. ಅವರು ನಕ್ಕರು. ‘ಕರೆಂಟಿಗೂ ಟೀಗೂ ಏನ್ರಿ ಸಂಬಂಧ? ಹಂಗಾಗಿ ಅಂತ ಹಾಕಿಬಿಟ್ರೆ ಸಂಬಂಧ ಹುಟ್ಟುತ್ತಾ? ನಮ್ಮ ಹುಡುಗರೂ ಹಿಂಗೇನೆ. ಎರಡು ಮಾತಿನ ನಡುವೆ ಏನೈತೆ ನೋಡಲ್ಲ, ಒಂದು ಹೌಎವರ್ ತಂದು ತುರುಕ್ತಾರೆ.’

ಹಾಳೆ ಹುಡುಗರ ಕೈ ಸೇರಿದ ಮೇಲೆ ಗೊಣಗಾಟ ಶುರುವಾಯಿತು. ಅಂತಿಮ ವರ್ಷದ ಒಬ್ಬ ಹುಡುಗ ನನ್ನ ಮೇಜಿನ ಮೇಲೆ ಹಾಳೆ ಎಸೆದ.

‘ಅಜ್ಜ, ಏನ್ ಇದು? ಬರೀ ಗೆರೆ ಅವೆ. ಇದನ್ನ ಬಾಯಿಪಾಠ ಮಾಡದು ಹೆಂಗೆ?’

‘ಮೇಡಂನ ಕೇಳ್ರಪ್ಪ.’

‘ಕೇಳಿದ್ರೆ ನೀನೇ ಯೋಚ್ನೆ ಮಾಡು ಅಂತಾರೆ. ಯೋಚ್ನೆ ಮಾಡಂಗಿದ್ರೆ ಕಾಲೇಜಿಗ್ಯಾಕ್ ಬರ್ತಿದ್ವಿ?’ ಎಂದ. ಜೊತೆಗಿದ್ದವರು ಹೋ ಎಂದು ನಕ್ಕರು.

ಅವರು ಹೋದ ಮೇಲೆ ಆ ಹಾಳೆ ಮೇಜಿನ ಮೇಲೇ ಉಳಿದಿತ್ತು. ಅದರ ಖಾಲಿ ಗೆರೆಗಳನ್ನು ನೋಡುತ್ತಾ ಕೂತೆ. ನನ್ನ ಕಣ್ಣಿಗೆ ಅದು ಅರ್ಧ ತುಂಬಿದ ಅರ್ಜಿಯಂತೆ ಕಂಡಿತು. ಗುಮಾಸ್ತ ಹಿಂದಕ್ಕೆ ನೂಕುವ ಅರ್ಜಿ. ಕೈ ತಡೆಯಲಿಲ್ಲ. ಕಂಪ್ಯೂಟರ್ ಮುಂದೆ ಕೂತು ಇಡೀ ನಕ್ಷೆಯನ್ನು ಟೈಪ್ ಮಾಡಿ, ಚೌಕಗಳನ್ನೆಲ್ಲ ತುಂಬಿದೆ.

ನನ್ನ ಬಳಿ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಇತ್ತು. ಅದರಲ್ಲಿ ಪ್ರಬಂಧಕ್ಕೆ ಬರುತ್ತಿದ್ದುದು ಮೊಬೈಲ್, ಇಂಟರ್ನೆಟ್, ಟೀವಿ, ಇಂಥವೇ. ಅವಕ್ಕೆಲ್ಲ ಹೊಂದುವ ಹಾಗೆ ಒಂದು ಥೀಸಿಸ್ ಮಾಡಿದೆ. ಕನ್ನಡದಲ್ಲಿ ಹೇಳುವುದಾದರೆ, ‘ಇದರಿಂದ ಕೆಲವು ಅನನುಕೂಲಗಳಿದ್ದರೂ ಅನುಕೂಲಗಳೇ ಹೆಚ್ಚು’ ಎಂಬ ವಾಕ್ಯ. ಮುಂದಿನ ಪ್ಯಾರಾದಲ್ಲಿ, ಮೊದಲನೆಯದಾಗಿ ಇದು ಸಮಯವನ್ನೂ ಹಣವನ್ನೂ ಉಳಿಸುತ್ತದೆ. ಅದರ ಮುಂದಿನದರಲ್ಲಿ ಮೋರ್‌ಓವರ್, ಇದು ಜನರನ್ನು ಹತ್ತಿರ ತರುತ್ತದೆ. ಆಮೇಲೆ ಹೌಎವರ್, ಕೆಲವರು ಇದನ್ನು ದುರುಪಯೋಗ ಮಾಡುತ್ತಾರೆ. ಕೊನೆಗೆ ದೇರ್‌ಫೋರ್, ಇದನ್ನು ಎಲ್ಲರೂ ಸ್ವಾಗತಿಸಬೇಕು. ಒಂದೇ ಒಂದು ಜಾಗ ಬಿಟ್ಟಿದ್ದೆ, ವಿಷಯದ ಹೆಸರು ಬರೆಯುವುದಕ್ಕೆ.

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಸಹಿಯಿಲ್ಲದ, ಕಚೇರಿಯ ಹೆಸರಿಲ್ಲದ ಕಾಗದಕ್ಕೆ ಬೆಲೆಯಿಲ್ಲ ಎಂಬುದು ನನ್ನ ಇನ್ನೊಂದು ಹಳೆಯ ಪಾಠ. ಹಾಳೆಯ ಕೆಳಗೆ ‘ಇಂಗ್ಲಿಷ್ ವಿಭಾಗ’ ಎಂದು ದಪ್ಪಕ್ಷರದಲ್ಲಿ ಹಾಕಿದೆ. ಆ ವಿಭಾಗದಲ್ಲಿ ಇದ್ದವರು ಮೇಡಂ ಒಬ್ಬರೇ.

ಹುಡುಗರು ಮುಗಿಬಿದ್ದರು. ದುಡ್ಡಿನ ಆಸೆಗೆ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಜೆರಾಕ್ಸಿಗೆ ಏನು ಕೊಡುತ್ತಿದ್ದರೋ ಅಷ್ಟೇ ಕೊಟ್ಟರು. ನನಗೆ ಸಿಕ್ಕಿದ್ದು ಬೇರೆ. ‘ಪಿನ್ ಹೊಡೀರಿ’ ಎಂದು ಹೋಗುತ್ತಿದ್ದವರು ಈಗ ನನ್ನ ಸುತ್ತ ನಿಲ್ಲುತ್ತಿದ್ದರು. ‘ಅಜ್ಜ, ಮೋರ್‌ಓವರ್ ಎಲ್ಲಿ ಬರುತ್ತೆ?’ ಎಂದು ಕೇಳುತ್ತಿದ್ದರು. ನಾನು ಬೆರಳಿಟ್ಟು ತೋರಿಸುತ್ತಿದ್ದೆ. ‘ನೀವೇ ಕ್ಲಾಸ್ ತಗಳ್ರಿ ಅಜ್ಜ, ಮೇಡಂಗಿಂತ ಸೂಪರು’ ಎಂದು ಒಬ್ಬ ರೇಗಿಸಿದ. ಅವನು ರೇಗಿಸುತ್ತಿದ್ದಾನೆಂದು ಗೊತ್ತಿದ್ದರೂ ನನಗೆ ಹಿತವಾಯಿತು.

ತಪ್ಪೆಂದು ಗೊತ್ತಿರಲಿಲ್ಲ ಎಂದು ಹೇಳಲಾರೆ. ಸಂಜೆ ಮೇಡಂ ಬರುವ ಹೊತ್ತಿಗೆ ಆ ಹಾಳೆಗಳ ಕಟ್ಟನ್ನು ಪೇಪರ್ ಬಂಡಲಿನ ಹಿಂದೆ ಸರಿಸಿಡುತ್ತಿದ್ದೆ. ಸರಿಯಾದ ಕೆಲಸವನ್ನು ಯಾರೂ ಹಾಗೆ ಬಚ್ಚಿಡುವುದಿಲ್ಲ.

ಆ ವರ್ಷ ಪೂರ್ವಸಿದ್ಧತಾ ಪರೀಕ್ಷೆಯ ಪತ್ರಿಕೆಗಳನ್ನು ಬೇರೆ ಊರಿನ ಹಿರಿಯ ಅಧ್ಯಾಪಕರೊಬ್ಬರಿಂದ ತಿದ್ದಿಸುವುದು ಎಂದು ಪ್ರಿನ್ಸಿಪಾಲರು ತೀರ್ಮಾನಿಸಿದ್ದರು. ಪ್ರಶ್ನೆಪತ್ರಿಕೆಯನ್ನು ಮಾಡಿದವರೂ ಆ ಅಧ್ಯಾಪಕರೇ. ಪ್ರಬಂಧದ ವಿಷಯ ಮೊಬೈಲೂ ಅಲ್ಲ, ಟೀವಿಯೂ ಅಲ್ಲ. ಹಳ್ಳಿಗಳಲ್ಲಿ ಬಾಲ್ಯವಿವಾಹ: ಕಾರಣಗಳು ಮತ್ತು ಪರಿಹಾರ.

ಉಳಿದದ್ದನ್ನು ಊಹಿಸಬಹುದು. ತರಗತಿಯ ಬಹುಪಾಲು ಹುಡುಗರು ಬಾಯಿಪಾಠ ಮಾಡಿದ್ದನ್ನು ಬರೆದು ಬಂದಿದ್ದರು. ಬಾಲ್ಯವಿವಾಹದಿಂದ ಕೆಲವು ಅನನುಕೂಲಗಳಿದ್ದರೂ ಅನುಕೂಲಗಳೇ ಹೆಚ್ಚು. ಮೊದಲನೆಯದಾಗಿ ಅದು ಸಮಯವನ್ನೂ ಹಣವನ್ನೂ ಉಳಿಸುತ್ತದೆ. ಮೋರ್‌ಓವರ್, ಜನರನ್ನು ಹತ್ತಿರ ತರುತ್ತದೆ. ಹೌಎವರ್, ಕೆಲವರು ಅದನ್ನು ದುರುಪಯೋಗ ಮಾಡುತ್ತಾರೆ. ದೇರ್‌ಫೋರ್, ಅದನ್ನು ಎಲ್ಲರೂ ಸ್ವಾಗತಿಸಬೇಕು.

ತಿದ್ದಿದ ಅಧ್ಯಾಪಕರು ಪತ್ರಿಕೆಗಳ ಕಟ್ಟಿನ ಜೊತೆ ಆಡಳಿತ ಮಂಡಳಿಗೆ ಒಂದು ಕಾಗದ ಕಳಿಸಿದರು. ಇಂಥ ಮಾತನ್ನು ಮಕ್ಕಳಿಗೆ ಯಾರು ಬರೆಸಿದರೆಂದು ವಿಚಾರಿಸಿ ಎಂದಿತ್ತಂತೆ. ಒಬ್ಬ ಹುಡುಗನ ಪುಸ್ತಕದಲ್ಲಿ ನನ್ನ ಹಾಳೆ ಸಿಕ್ಕಿತು. ಕೆಳಗೆ ಇಂಗ್ಲಿಷ್ ವಿಭಾಗ.

ಮಧ್ಯಾಹ್ನ ಪ್ರಿನ್ಸಿಪಾಲರು ತಾವೇ ಅಂಗಡಿಗೆ ಬಂದರು. ಕೈಯಲ್ಲಿ ಆ ಹಾಳೆ.

‘ಏನ್ ಯಜಮಾನ್ರೆ, ಇದು ನಿಮ್ಮ ಅಂಗ್ಡೀಲಿ ಜೆರಾಕ್ಸ್ ಆಗಿದ್ದೇನಾ?’

‘ಹೌದು ಸಾರ್.’

‘ಯಾರು ಕೊಟ್ಟಿದ್ದು?’

ಅವರು ನಿಂತಿದ್ದ ನೆಲ ಕಾಲೇಜಿನದು. ನಾನು ಕೂತಿದ್ದ ನೆಲವೂ ಕಾಲೇಜಿನದು. ಈ ಕೋಣೆ ಹೋದರೆ ಹಗಲಿಡೀ ಎಲ್ಲಿ ಕೂರುವುದು ಎಂಬ ಯೋಚನೆ ಬಂತು. ಹಗಲಿಡೀ ಮನೆಯಲ್ಲಿ ಕೂರುವುದನ್ನು ನೆನೆದೇ ಹೆದರಿದೆ.

‘ಪ್ರಬಂಧದ ನಕ್ಷೇನ ಮೇಡಂ ಅವ್ರೇ ಜೆರಾಕ್ಸಿಗೆ ಕೊಟ್ಟಿದ್ರು ಸಾರ್,’ ಎಂದೆ.

ಅದು ಸುಳ್ಳಲ್ಲ. ಅವರು ಒಂದು ನಕ್ಷೆ ಕೊಟ್ಟಿದ್ದು ನಿಜ. ಇಡೀ ಬದುಕು ಅರ್ಜಿ ಬರೆದವನಿಗೆ ಸುಳ್ಳು ಹೇಳದೆ ಸುಳ್ಳು ಹೇಳುವುದು ಹೇಗೆ ಎಂದು ಚೆನ್ನಾಗಿ ಗೊತ್ತಿರುತ್ತದೆ. ಪ್ರಿನ್ಸಿಪಾಲರು ‘ಅಷ್ಟು ಸಾಕು’ ಎಂದು ಹೋದರು.

ಆ ಸಂಜೆಯೂ ಮೇಡಂ ಬಂದು ಬೆಂಚಿನ ಮೇಲೆ ಕೂತರು. ಮುಖ ತೊಳೆದುಕೊಂಡು ಬಂದಿದ್ದರು, ಹಣೆಯ ಹತ್ತಿರ ಕೂದಲು ಒದ್ದೆಯಾಗಿತ್ತು. ಊಟದ ಬಗ್ಗೆ ಕೇಳಲಿಲ್ಲ. ನಾನು ಇಲ್ಲದ ಕೆಲಸ ಹುಡುಕಿಕೊಂಡು ಯಂತ್ರದ ಗಾಜನ್ನು ಒರೆಸುತ್ತಾ ನಿಂತೆ.

‘ಆ ಹಾಳೆ ನೋಡ್ದೆ ಯಜಮಾನ್ರೆ. ಪ್ರಿನ್ಸಿಪಾಲ್ ರೂಮಲ್ಲಿ,’ ಎಂದರು.

ನಾನು ಒರೆಸುತ್ತಲೇ ಇದ್ದೆ.

‘ನಾನು ಕೈಯಾಗೆ ಬರ್ದಿದ್ದೆ. ಅದು ಟೈಪ್ ಆಗಿತ್ತು.’

‘ಹುಡುಗ್ರು ಎಲ್ಲೆಲ್ಲೋ ಮಾಡಿಸ್ತಾರೆ ಮೇಡಂ,’ ಎಂದೆ.

ಧರ್ಮಪುರದ ಬಸ್ಸು ಬಂತು. ಅವರು ಏಳಲಿಲ್ಲ. ಡ್ರೈವರ್ ದಿನವೂ ಹತ್ತಿಸಿಕೊಳ್ಳುವವರನ್ನು ನೋಡಿ ಹಾರ್ನ್ ಹೊಡೆದ. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, ‘ಬರ್ತೀರೇನಮ್ಮ?’ ಎಂದು ಕೂಗಿದ. ಅವರು ಕೈಯಾಡಿಸಿ ಹೋಗಿ ಎಂದರು. ಬಸ್ಸು ಹೋಯಿತು. ಅದನ್ನು ಅವರು ಬಿಟ್ಟದ್ದು ನನಗಾಗಿ ಎಂದು ನನಗೆ ಆ ಗಳಿಗೆಯಲ್ಲೇ ಗೊತ್ತಿತ್ತು. ಮುಂದಿನ ಬಸ್ಸು ಬರುವ ತನಕ ನನಗೆ ಸಮಯ ಕೊಟ್ಟು ಕೂತಿದ್ದರು. ಮನೆಯಲ್ಲಿ ಅವರಿಗೆ ವಯಸ್ಸಾದ ತಾಯಿಯಿದ್ದರು, ತಡವಾದರೆ ಬಾಗಿಲಲ್ಲೇ ನಿಲ್ಲುತ್ತಾರೆ ಎಂದು ಎಷ್ಟೋ ಸಲ ಹೇಳಿದ್ದರು. ಆದರೂ ಕೂತಿದ್ದರು. ನಾನು ಟೋನರ್ ಬದಲಿಸಿದೆ, ಕಸ ಗುಡಿಸಿದೆ, ಲೈಟು ಹಾಕಿದೆ. ಬಾಯಿ ಮಾತ್ರ ಬಿಡಲಿಲ್ಲ.

ಮುಂದಿನ ಬಸ್ಸು ಬಂದಾಗ ಎದ್ದರು. ‘ಬರ್ತೀನಿ’ ಎಂದು ಹೇಳುವುದು ಅವರ ಅಭ್ಯಾಸ. ಅವತ್ತು ಹೇಳಲಿಲ್ಲ.

ಆಮೇಲೆ ಅವರು ನಮ್ಮ ಅಂಗಡಿಗೆ ಬರಲಿಲ್ಲ. ಬಸ್ಸಿಗೆ ಆಚೆ ಬದಿಯಲ್ಲಿ, ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದರು. ವರ್ಷ ಮುಗಿದಾಗ ಕಾಲೇಜಿನವರು ಅವರನ್ನು ಮತ್ತೆ ಕರೆಯಲಿಲ್ಲ.

ಹರಿಯಬ್ಬೆಯ ಕಡೆಯ ಒಬ್ಬ ಹುಡುಗಿ ಇದ್ದಳು. ನನ್ನ ಹಾಳೆ ಕೊಳ್ಳದ ಕೆಲವೇ ಮಂದಿಯಲ್ಲಿ ಅವಳೂ ಒಬ್ಬಳು. ಮೇಡಂ ಕೊಟ್ಟ ನಕ್ಷೆಯಲ್ಲಿ ತಾನೇ ಬರೆದು ಅಭ್ಯಾಸ ಮಾಡಿದ್ದಳು. ಪರೀಕ್ಷೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಮದುವೆಯಾದ ತನ್ನ ಅಕ್ಕನ ಕಥೆಯನ್ನು ಉದಾಹರಣೆಯಾಗಿ ಕೊಟ್ಟು, ಹುಡುಗಿಯರಿಗೆ ಊರಿನ ಹತ್ತಿರ ಹೈಸ್ಕೂಲು ಇದ್ದರೆ ಮದುವೆ ತಾನಾಗಿ ಮುಂದೆ ಹೋಗುತ್ತದೆ ಎಂದು ಬರೆದಿದ್ದಳಂತೆ. ಡಿಗ್ರಿ ಮುಗಿಸಿ ಅಂಕಪಟ್ಟಿಯ ಜೆರಾಕ್ಸಿಗೆ ಬಂದವಳು, ಹಾಳೆ ಕೈಗೆ ತಗೊಂಡ ಮೇಲೂ ಹೋಗದೆ ನಿಂತಳು.

‘ಅಜ್ಜ, ಮೇಡಂಗೆ ಚಿತ್ರದುರ್ಗದ ಒಂದು ಕಾಲೇಜಲ್ಲಿ ಕೆಲ್ಸ ಸಿಗಂಗೈತೆ. ಅನುಭವದ ಸರ್ಟಿಫಿಕೇಟ್ ಕೇಳ್ತಾರಂತೆ. ನಮ್ಮ ಕಾಲೇಜಿನೋರು ಕೊಡ್ತಿಲ್ಲ. ಮಕ್ಕಳಿಗೆ ಕೆಟ್ಟದ್ದು ಬರೆಸಿದಾರೆ ಅಂತ ಇಟ್ಕಂಡವ್ರೆ.’

‘ಪಾಪ,’ ಎಂದೆ.

‘ಪಾಪ ಅಂದ್ರೆ ಆಗಲ್ಲ ಅಜ್ಜ. ನೀವು ಹೋಗಿ ಒಂದು ಮಾತು ಹೇಳ್ರಿ. ಹುಡುಗರಿಗೆಲ್ಲ ಗೊತ್ತು ಅದನ್ನ ಮಾಡಿದ್ದು ಯಾರು ಅಂತ.’

‘ನನಗ್ಯಾಕಮ್ಮ ದೊಡ್ಡೋರ ವಿಷಯ.’

ಅವಳು ನನ್ನನ್ನು ನೋಡಿದ ರೀತಿ ನನಗೆ ಇನ್ನೂ ಎದುರಿಗಿದೆ. ಬೈದಿದ್ದರೆ ಮರೆಯುತ್ತಿದ್ದೆನೇನೋ. ‘ಆಯ್ತು ಬಿಡ್ರಿ ಅಜ್ಜ, ವಯಸ್ಸಾಗೈತೆ ನಿಮಗೆ’ ಎಂದು ಸಮಾಧಾನ ಹೇಳುವಂತೆ ಹೇಳಿ ಹೋದಳು.

ಯಾವ ಅಂಗಡಿಗಾಗಿ ಬಾಯಿ ಮುಚ್ಚಿಕೊಂಡೆನೋ ಆ ಅಂಗಡಿ ಆಮೇಲೆ ನನಗೆ ಸಂಗಾತಿಯಾಗಿ ಉಳಿಯಲಿಲ್ಲ. ಹೊಸದಾಗಿ ಬಂದ ಉಪನ್ಯಾಸಕರು ನೋಟ್ಸನ್ನು ವಾಟ್ಸಾಪಿನಲ್ಲಿ ಕಳಿಸುತ್ತಿದ್ದರು. ಹುಡುಗರು ಮೊಬೈಲಿನಲ್ಲೇ ಓದಿಕೊಂಡರು. ಮೋರ್‌ಓವರ್ ಎಲ್ಲಿ ಬರುತ್ತದೆ ಎಂದು ಕೇಳುವವರಿಲ್ಲ. ಸಂಜೆ ಧರ್ಮಪುರದ ಬಸ್ಸು ಬಂದು ಹೋಗುತ್ತಿತ್ತು. ಬೆಂಚಿನ ಮೇಲೆ ನಾನು ಪೇಪರ್ ಬಂಡಲುಗಳನ್ನು ಜೋಡಿಸಿಟ್ಟೆ, ಖಾಲಿ ಕಾಣದಿರಲಿ ಎಂದು. ಆಗಲೂ ಅದೇ ಬುದ್ಧಿ.

ಒಂದು ಭಾನುವಾರ ಅಂಗಡಿಯ ಬಾಗಿಲು ಅರ್ಧ ಎಳೆದು ಬರೆಯಲು ಕೂತೆ. ಸಾವಿರಾರು ಜನರ ಪರವಾಗಿ ‘ನಾನು’ ಎಂದು ಬರೆದ ಕೈ ನನ್ನದು. ನನ್ನ ಪರವಾಗಿ ಬರೆಯಲು ಕೂತಾಗ ಮೊದಲ ಸಾಲೇ ಏಳಲಿಲ್ಲ. ‘ಮಾನ್ಯರೇ, ವಿನಂತಿ ಏನೆಂದರೆ’ ಎಂದು ಬರೆದರೆ ಮುಂದಿನದು ತಾನಾಗಿ ಸುಳ್ಳಿನ ಕಡೆ ಜಾರುತ್ತಿತ್ತು. ಕೊನೆಗೆ ಮೇಡಂ ಹೇಳಿದ ಕ್ರಮವನ್ನೇ ಹಿಡಿದೆ. ಮೊದಲು ನಿಲುವು, ಒಂದೇ ವಾಕ್ಯದಲ್ಲಿ: ಆ ಹಾಳೆಯನ್ನು ಮಾಡಿದವನು ನಾನು, ಮೇಡಂ ಅಲ್ಲ. ಆಮೇಲೆ ಒಂದು ಪ್ಯಾರಾದಲ್ಲಿ ಅವರು ಕೊಟ್ಟದ್ದೇನು, ನಾನು ತುಂಬಿದ್ದೇನು. ಇನ್ನೊಂದರಲ್ಲಿ ಪ್ರಿನ್ಸಿಪಾಲರಿಗೆ ನಾನು ಹೇಳಿದ್ದೇನು, ಹೇಳದೆ ಬಿಟ್ಟದ್ದೇನು.

ಬರೆದು ಮುಗಿಸಿ ಓದಿದಾಗ ಕಂಡಿತು. ಪ್ಯಾರಾಗೊಂದು ‘ಆದರೆ’ ನುಗ್ಗಿತ್ತು. ತಪ್ಪು ಮಾಡಿದೆ, ಆದರೆ ಹುಡುಗರು ಒತ್ತಾಯ ಮಾಡಿದರು. ಹೇಳಲಿಲ್ಲ, ಆದರೆ ಪ್ರಿನ್ಸಿಪಾಲರು ಸರಿಯಾಗಿ ಕೇಳಲಿಲ್ಲ. ಎರಡು ಮಾತಿನ ನಡುವೆ ನಿಜವಾಗಿ ಏನಿದೆ ಎಂದು ನೋಡಿದರೆ ಏನೂ ಇರಲಿಲ್ಲ. ಆ ಪದವನ್ನೂ ಅದರ ಮುಂದಿನ ಮಾತನ್ನೂ ಒಂದೊಂದಾಗಿ ಹೊಡೆದುಹಾಕಿದೆ. ಕಾಗದ ಅರ್ಧವಾಯಿತು. ಉಳಿದ ಅರ್ಧವನ್ನು ಓದಲು ಕಷ್ಟವಾಯಿತು.

ಸೋಮವಾರ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅವರು ಓದಿ ಕನ್ನಡಕ ತೆಗೆದರು.

‘ಈಗ್ಯಾಕ್ರಿ ಇದೆಲ್ಲ? ಮುಗಿದೋಗಿರೋ ಕಥೆ.’

‘ಅವ್ರಿಗೆ ಮುಗಿದಿಲ್ಲ ಸಾರ್. ಸರ್ಟಿಫಿಕೇಟ್ ಸಿಕ್ಕಿಲ್ಲ.’

‘ನೋಡ್ರಿ, ಇದನ್ನ ಮ್ಯಾನೇಜ್‌ಮೆಂಟ್ ಕಮಿಟಿ ಮುಂದೆ ಇಟ್ರೆ, ಹೊರಗಿನೋನು ವಿಭಾಗದ ಹೆಸರು ಹಾಕ್ಕಂಡು ನಮ್ಮ ಕಾಂಪೌಂಡಿನಾಗೆ ಮಾರಿದಾನೆ ಅಂತಾಗುತ್ತೆ. ನಿಮ್ಮ ಕೋಣೆ ಉಳಿಯಲ್ಲ. ನನಗೂ ಕೇಳ್ತಾರೆ, ವಿಚಾರಿಸದೆ ಹೆಂಗ್ ನಂಬಿದ್ರಿ ಅಂತ. ತಗಂಡೋಗ್ರಿ, ನಾನು ಬಾಯಲ್ಲೇ ಹೇಳ್ತೀನಿ ಅವ್ರಿಗೆ.’

ಬಾಯಲ್ಲಿ ಹೇಳುತ್ತೇನೆ ಎಂಬ ಮಾತಿನ ಬೆಲೆ ತಾಲ್ಲೂಕು ಕಚೇರಿಯ ಎದುರು ಕೂತವನಿಗೆ ಗೊತ್ತಿರುತ್ತದೆ. ನನ್ನ ಚೀಲದಿಂದ ಇನ್ನೊಂದು ಪ್ರತಿ ತೆಗೆದು ಮುಂದಿಟ್ಟೆ.

‘ಇದರ ಮೇಲೆ ಸ್ವೀಕೃತಿ ಸೀಲು ಹಾಕಿ ಕೊಡ್ರಿ ಸಾರ್.’

‘ಏನ್ರಿ, ನನಗೇ ಕಾನೂನು ಹೇಳ್ತೀರಾ?’

‘ಇಲ್ಲ ಸಾರ್. ಸೀಲು ಬಿದ್ರೆ ಫೈಲಾಗುತ್ತೆ. ಇಲ್ದಿದ್ರೆ ನಾನು ನಾಳೆ ಮತ್ತೆ ಹೆದರ್ಕಂಡ್ಬಿಡ್ತೀನಿ.’

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಅಟೆಂಡರನ್ನು ಕರೆದು ಸೀಲು ತರಿಸಿದರು.

ಮೇಡಂ ಆಗ ಹೊಳಲ್ಕೆರೆ ತಾಲ್ಲೂಕಿನಲ್ಲಿ, ಬಿ.ದುರ್ಗದ ಹತ್ತಿರ ಅಕ್ಕನ ಮನೆಯಲ್ಲಿದ್ದುಕೊಂಡು ಒಂದು ಸಣ್ಣ ಶಾಲೆಯಲ್ಲಿ ಪಾಠ ಮಾಡುತ್ತಿದ್ದರು. ಹರಿಯಬ್ಬೆಯ ಹುಡುಗಿಯಿಂದ ಶಾಲೆಯ ಗುರುತು ಕೇಳಿಕೊಂಡು ಹೊರಟೆ. ಹಿರಿಯೂರಿನಿಂದ ಚಿತ್ರದುರ್ಗ, ಅಲ್ಲಿಂದ ಹೊಳಲ್ಕೆರೆ, ಮತ್ತೆ ಇನ್ನೊಂದು ಬಸ್ಸು. ಹೋಗುವ ದಾರಿಯಲ್ಲಿ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಶಾಲೆಯ ವರಾಂಡದಲ್ಲಿ ಅವರು ಎದುರು ಬಂದಾಗ ಒಂದೂ ಉಳಿಯಲಿಲ್ಲ. ಕಾಗದ ಕೊಟ್ಟೆ.

ನಿಂತೇ ಓದಿದರು. ಒಳಗೆ ಮಕ್ಕಳು ಮಗ್ಗಿ ಕೂಗುತ್ತಿದ್ದವು. ಕೆಳಗಿನ ಸೀಲಿನ ಮೇಲೆ ಅವರ ಕಣ್ಣು ಸ್ವಲ್ಪ ಹೊತ್ತು ನಿಂತಿತು.

‘ಚೆನ್ನಾಗಿ ಬರ್ದಿದೀರಿ,’ ಎಂದರು. ನಗಲಿಲ್ಲ.

‘ಮೇಡಂ, ಅವತ್ತೇ ನಾನು...’

‘ಅವತ್ತು ನಮ್ಮಮ್ಮ ಕತ್ತಲಾದ ಮೇಲೂ ಬಾಗಿಲಲ್ಲೇ ನಿಂತಿದ್ಲು. ಹಿಂದಿನ ಬಸ್ಸಲ್ಲಿ ಬರ್ಲಿಲ್ಲ ಅಂತ ಹೆದರಿದ್ಲು. ಯಾಕೆ ಲೇಟು ಅಂತ ಕೇಳಿದ್ಲು. ಒಬ್ರು ಮಾತಾಡ್ತಾರೇನೋ ಅಂತ ಕುಂತಿದ್ದೆ ಅಂದೆ.’

ನಾನು ತಲೆಯೆತ್ತಲಿಲ್ಲ. ಅವರ ತಾಯಿ ಹೇಗಿದ್ದಾರೆ ಎಂದು ಕೇಳಿದೆ. ಹೋದ ಶ್ರಾವಣದಲ್ಲಿ ತೀರಿಕೊಂಡರು ಎಂದರು. ಅದು ನನಗೆ ಗೊತ್ತಿರಲಿಲ್ಲ. ದಿನವೂ ಎದುರು ಕೂತು ಮಾತಾಡುತ್ತಿದ್ದವರ ಮನೆಯ ಸಾವು ನನ್ನ ಕಿವಿಗೆ ಬೀಳದಷ್ಟು ದೂರಕ್ಕೆ ನಾನೇ ಅವರನ್ನು ಕಳಿಸಿದ್ದೆ.

‘ಕೋಣೆ ಉಳೀತಾ?’ ಎಂದು ಕೇಳಿದರು.

‘ಇಲ್ಲ. ಖಾಲಿ ಮಾಡಿ ಅಂದವ್ರೆ.’

‘ಹ್ಞೂ,’ ಎಂದರು. ಆ ಪ್ರತಿಯನ್ನು ಮಡಿಸಿ ಪುಸ್ತಕದೊಳಗೆ ಇಟ್ಟುಕೊಂಡರು. ‘ಊಟ ಆಯ್ತಾ?’ ಎಂದರು. ಆಗಿದೆ ಎಂದೆ, ಆಗಿರಲಿಲ್ಲ. ಒಂದು ಮಗುವನ್ನು ಕರೆದು ನನಗೆ ಕುಡಿಯಲು ನೀರು ತರಿಸಿದರು. ಬೆಲ್ಲು ಹೊಡೆಯಿತು. ‘ಕ್ಲಾಸೈತೆ. ಹೊಳಲ್ಕೆರೆ ಬಸ್ಸು ಈಗ ಬರುತ್ತೆ, ನಿಂತ್ಕಳ್ರಿ’ ಎಂದು ಒಳಗೆ ಹೋದರು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಕೇಳುವುದು ಅವರ ಮೇಲೆ ಇನ್ನೊಂದು ಭಾರ ಹೊರಿಸಿದಂತೆ ಎಂದು ಆ ನೀರಿನ ಲೋಟ ಹಿಡಿದುಕೊಂಡು ನಿಂತಾಗ ಅನ್ನಿಸಿತು.

ಕಮಿಟಿಯಲ್ಲಿ ಸಾಕಷ್ಟು ಮಾತಾಯಿತಂತೆ. ಕೊನೆಗೆ ಸರ್ಟಿಫಿಕೇಟ್ ಕೊಟ್ಟರು. ಚಿತ್ರದುರ್ಗದ ಆ ಕಾಲೇಜಿನ ಜಾಗ ಅಷ್ಟರಲ್ಲಿ ತುಂಬಿಹೋಗಿತ್ತು. ಮರುವರ್ಷ ಅಲ್ಲೇ ಬೇರೊಂದು ಕಾಲೇಜಿನಲ್ಲಿ ಅವರಿಗೆ ಕೆಲಸ ಸಿಕ್ಕಿತು. ಇದನ್ನು ಹೇಳಿದವಳೂ ಹರಿಯಬ್ಬೆಯ ಹುಡುಗಿಯೇ. ಬೀದಿಯಲ್ಲಿ ಸಿಕ್ಕಾಗ ನಿಂತು ಹೇಳಿದಳು. ಮೇಡಂ ಈಗ ಧರ್ಮಪುರದ ಮನೆಗೆ ವಾಪಸ್ ಬಂದಿದ್ದಾರೆ, ದಿನಾ ಹೋಗಿ ಬರುತ್ತಾರೆ, ಹಿರಿಯೂರಿನಲ್ಲಿ ಬಸ್ ಬದಲಿಸುತ್ತಾರೆ ಎಂದಳು. ‘ಬೆಳಿಗ್ಗೆ ಸ್ಟ್ಯಾಂಡಿಗೆ ಹೋದ್ರೆ ಸಿಗ್ತಾರೆ ಅಜ್ಜ’ ಎಂದಳು.

ನಾನೀಗ ಯಂತ್ರ ಮಾರಿ ಮನೆಯಲ್ಲೇ ಇದ್ದೇನೆ. ಬೆಳಗಿನ ಹೊತ್ತು ಹಾಲಿಗೆ ಹೋಗಬೇಕು. ಹಾಲಿನ ಅಂಗಡಿಗೆ ಹತ್ತಿರದ ದಾರಿ ಬಸ್ ಸ್ಟ್ಯಾಂಡಿನ ಮುಂದೆಯೇ ಹೋಗುತ್ತದೆ. ನಾನು ಹಿಂದಿನ ಬೀದಿಯಿಂದ ಸುತ್ತಿಕೊಂಡು ಹೋಗುತ್ತೇನೆ. ನನ್ನನ್ನು ಕಂಡರೆ ಅವರು ಊಟ ಆಯ್ತಾ ಎಂದು ಕೇಳದೆ ಇರಲಾರರು. ಆ ಮಾತು ಕೇಳಬೇಕೆಂದು ನನಗೆ ಬಹಳ ಆಸೆಯಿದೆ. ಆ ಆಸೆಯ ಭಾರವೂ ಅವರ ಮೇಲೆ ಬೀಳಬಾರದು. ಅದಕ್ಕೇ ಸುತ್ತಿಕೊಂಡು ಹೋಗುತ್ತೇನೆ.